ಕರೆಂಟ್ ಬಿಲ್ ಗಂಡನಿಗೆ ಬಿಟ್ಟುಕೊಟ್ಟ ಕಥೆ

ಮನೆಗೆ ನಾನೇ ದೊಡ್ಡ ಮಗಳು. ತಮ್ಮಂದಿರಿಗೆ ಊಟ ಬಡಿಸಿದ್ದು, ರೇಷನ್ ಕ್ಯೂನಲ್ಲಿ ನಿಂತದ್ದು ಯಾವುದೂ ನನಗೆ ಭಾರ ಅನ್ನಿಸಿರಲಿಲ್ಲ. ಕೆಲಸ ಮುಗಿದರೆ ಮುಗಿಯಿತು ಅಲ್ವಾ. ಅಪ್ಪನ ಸಾಲದ ವಿಷಯವನ್ನು ಅಮ್ಮ ನನ್ನ ಹತ್ತಿರ ಮಾತ್ರ ಹೇಳಿಕೊಂಡು ಅಳುತ್ತಿದ್ದಳಲ್ಲ, ಅದಕ್ಕೆ ಕೊನೆ ಇರಲಿಲ್ಲ. ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತಿನ ಸಂಜೆ ಹೇಗಿರುತ್ತದೆ ಅಂತ ಗೊತ್ತಾಗುತ್ತಿತ್ತು. ಮಗುವೇ ಹೀಗೆ ಹೆತ್ತವರಿಗೆ ಹಿರಿಯರಾಗುವುದನ್ನು ಪೇರೆಂಟಿಫಿಕೇಶನ್ ಅನ್ನುತ್ತಾರೆ. ಮನೆಗೆಲಸದ ಹೊರೆಗಿಂತ ಈ ಮನಸ್ಸಿನ ಹೊರೆಯೇ ಜಾಸ್ತಿ ಕಾಡುತ್ತದೆ.

ಮದುವೆಯಾದ ಮೇಲೆ ಹೀಗೆ ಎಲ್ಲರನ್ನೂ ಗಮನಿಸುತ್ತಿದ್ದ ಕಣ್ಣು ಗಂಡನ ಮೇಲೆ ಬಿತ್ತು. ಅವರ ಬಿಲ್ಲು, ಅವರ ಡಾಕ್ಟರ್ ಅಪಾಯಿಂಟ್‌ಮೆಂಟು, ಅವರ ಅಕ್ಕನಿಗೆ ಮಾಡಬೇಕಾದ ಫೋನು, ಎಲ್ಲ ನನ್ನ ತಲೆಯಲ್ಲಿ. "ಇವರಿಗೆ ಏನೂ ನೆನಪಿರಲ್ಲ" ಅಂತ ದೂರಿದಾಗ ಕೌನ್ಸೆಲರ್ ಕೇಳಿದರು, "ಅವರಿಗೆ ನೆನಪಾಗುವವರೆಗೆ ಯಾವತ್ತಾದರೂ ಕಾದಿದ್ದೀರಾ?" ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ತಕ್ಕಡಿಯ ಹಾಗೆ ನೋಡಿದ್ದರು. ಒಬ್ಬರು ಮೈಮೇಲೆ ಹಾಕಿಕೊಂಡಷ್ಟೂ ಇನ್ನೊಬ್ಬರು ಕಮ್ಮಿ ಮಾಡುತ್ತಾರೆ. ಅವರು ಕಮ್ಮಿ ಮಾಡಿದಷ್ಟೂ ಇವರಿಗೆ ಆತಂಕ ಹೆಚ್ಚಿ, ಇನ್ನಷ್ಟು ಎಳೆದುಕೊಳ್ಳುತ್ತಾರೆ.

ಹಾಗಾಗಿ ಒಂದೇ ಒಂದು ಕೆಲಸ ಬಿಡುವುದು ಅಂತಾಯಿತು. ಅದು ತಪ್ಪಿದರೆ ದುಡ್ಡು ಮಾತ್ರ ಹೋಗಬೇಕು, ಜೀವಕ್ಕೆ ಏನೂ ಆಗಬಾರದು. ಅತ್ತೆಯ ಶುಗರ್ ಮಾತ್ರೆ ಬೇಡ, ಕರೆಂಟ್ ಬಿಲ್ ಆಗಬಹುದು. ಜಗಳದ ಮಧ್ಯೆ ಅಲ್ಲದೆ, ಒಂದು ಭಾನುವಾರ ಸಮಾಧಾನವಾಗಿ ಹೇಳಿದೆ: "ರೀ, ಇನ್ಮೇಲೆ ಕರೆಂಟ್ ಬಿಲ್ ನಿಮ್ಮದು. ನಾನು ನೆನಪಿಸಲ್ಲ."

ಈ ಎರಡನೇ ವಾಕ್ಯವೇ ಮುಖ್ಯ. ಕೆಲಸ ಕೊಟ್ಟು ನೆನಪು ನಮ್ಮಲ್ಲೇ ಇಟ್ಟುಕೊಂಡರೆ ಏನೂ ಕೊಟ್ಟ ಹಾಗಾಗಲ್ಲ. ಬಿಲ್ಲನ್ನು ಅವರಿಗೆ ಕಾಣುವ ಹಾಗೆ ಮೇಜಿನ ಮೇಲಿಡುವುದು, "ಇವತ್ತು ಎಷ್ಟನೇ ತಾರೀಖು?" ಅಂತ ಸುಮ್ನೆ ಕೇಳುವುದು ಕೂಡ ನೆನಪಿಸುವುದೇ.

ಮೊದಲ ಸಲ ಅವರು ಮರೆತರು. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಫೋನಿನ ಕಡೆಗೇ ಹೋಗುತ್ತಿತ್ತು. ಆ ಚಡಪಡಿಕೆ ಬಿಲ್ಲಿನದಲ್ಲ, ಹಳೆಯದು. ಅಪ್ಪನ ಚಪ್ಪಲಿ ಸದ್ದಿಗೆ ಆಗುತ್ತಿದ್ದದ್ದೂ ಅದೇ. ಅದು ಇಳಿಯುವವರೆಗೆ ಏನೂ ಮಾಡದೆ ಕೂರುವುದೇ ಅಭ್ಯಾಸ. "ನಿನಗೆ ಈಗ ಮನೆ ಬೇಡವಾಯಿತಾ?" ಅಂದರು ಗಂಡ. ಹಳೇ ಲೆಕ್ಕಕ್ಕೆ ವಾಪಸ್ ಎಳೆಯುವ ಇಂಥ ಮಾತು ಬರುತ್ತದೆ ಅಂತ ಕೌನ್ಸೆಲರ್ ಮೊದಲೇ ಹೇಳಿದ್ದರು. "ಬೇಕು. ಬಿಲ್ ಮಾತ್ರ ನಿಮ್ಮದು" ಅಂದೆ. ಸಂಜೆ ಅವರೇ ಕಟ್ಟಿದರು. ಆಮೇಲೆ ಮೊಬೈಲಿನಲ್ಲಿ ಆಟೋಪೇ ಹಾಕಿಕೊಂಡರು. ನನಗೆ ಹೊಳೆದೇ ಇರಲಿಲ್ಲ!

ಎಲ್ಲ ಮನೆಗೂ ಇದು ಹೊಂದುವುದಿಲ್ಲ. ಗಂಡ ಖಿನ್ನತೆಯಲ್ಲಿದ್ದರೆ ಮೊದಲು ಬೇಕಾದದ್ದು ಚಿಕಿತ್ಸೆ. ಕೈ ಎತ್ತುವವರಾದರೆ ಈ ಪ್ರಯೋಗಕ್ಕೆ ಇಳಿಯಲೇಬಾರದು.

ಅಮ್ಮನ ವಿಷಯ ಇನ್ನೂ ಕಷ್ಟ. "ಅದನ್ನ ಅಪ್ಪನ ಹತ್ತಿರವೇ ಮಾತಾಡಮ್ಮ" ಅಂದರೆ ಫೋನ್ ಇಟ್ಟುಬಿಡುತ್ತಾಳೆ. ಮುನಿಸು ಇಳಿಸಲು ನಾನು ತಿರುಗಿ ಮಾಡುವುದಿಲ್ಲ. ಒಂದೆರಡು ದಿನಕ್ಕೆ ಅವಳೇ ಮಾಡುತ್ತಾಳೆ, ಬೇರೆ ಏನೋ ಮಾತಾಡಲು.