ಗೋಳಗುಮ್ಮಟದ ಪಿಸುಮಾತಿಗೆ ಅಡಿಬರಹ

ವಿಜಯಪುರದ ಗೋಳಗುಮ್ಮಟದ ಬಗ್ಗೆ ನಾಲ್ಕೂವರೆ ನಿಮಿಷದ ವಿಡಿಯೊ ಮಾಡಿ ಮುಗಿಸಿದ್ದೆ. ಶ್ರವಣದೋಷವುಳ್ಳ ಮಕ್ಕಳ ತರಗತಿಯೊಂದಕ್ಕೆ ಅದನ್ನು ತೋರಿಸಬೇಕಾಗಿ ಬಂದಾಗ ಪೆಚ್ಚಾದೆ. ಆ ಕಟ್ಟಡದ ಹೆಗ್ಗಳಿಕೆಯೇ ಮರುದನಿ, ನನ್ನ ಅಡಿಬರಹದಲ್ಲಿ ಇದ್ದದ್ದು ಮಾತು ಮಾತ್ರ. ಮರುದನಿಯ ಹದಿನೈದು ಸೆಕೆಂಡು ಪರದೆಯ ಕೆಳಗೆ ಒಂದಕ್ಷರವೂ ಇರಲಿಲ್ಲ. ಹೀಗಾಗಿ ಮುಗಿದ ವಿಡಿಯೊವನ್ನು ಮತ್ತೆ ಬಿಚ್ಚಿದೆ. ಅದೇ ಉದಾಹರಣೆ ಹಿಡಿದು ಕೆಲಸವನ್ನು ಹೇಳುತ್ತೇನೆ.

ಮೊದಲು ಶಬ್ದಗಳ ಪಟ್ಟಿ

ವಿಡಿಯೊ ಹಾಕಿ, ಕಣ್ಣು ಮುಚ್ಚಿ ಒಮ್ಮೆ ಪೂರ್ತಿ ಕೇಳಿ. ಕಥೆಗೆ ಬೇಕಾದ ಶಬ್ದ ಯಾವುದು, ಬೇಡದ್ದು ಯಾವುದು ಎಂದು ಗುರುತು ಹಾಕಿ. ಮೆಟ್ಟಿಲಿನ ಮೇಲಿನ ಹೆಜ್ಜೆ ಸದ್ದು, ಹೊರಗಿನ ಗಿಳಿಗಳ ಗಲಾಟೆ ನನಗೆ ಬೇಡವಾಗಿತ್ತು. ಪಿಸುಮಾತು ಮತ್ತು ಚಪ್ಪಾಳೆ ಬಿಟ್ಟರೆ ವಿಡಿಯೊವೇ ಇಲ್ಲ. ಬೇಕಾದ ಶಬ್ದವನ್ನು ಚೌಕ ಆವರಣದಲ್ಲಿ ಬರೆಯುವುದು ರೂಢಿ. ‘ಮರುದನಿ’ ಎಂದಷ್ಟೇ ಬರೆದರೆ ಸಾಲದು. ಎಲ್ಲಿಂದ ಬಂತು, ಹೇಗೆ ಕ್ಷೀಣಿಸಿತು ಎನ್ನುವುದೂ ಸೇರಬೇಕು. ಏಳು ಸಲ ಕೇಳಿಸುತ್ತದೆ ಎಂದು ಊರೆಲ್ಲ ಹೇಳುತ್ತದೆಂದು ಏಳು ಎಂದು ಬರೆಯಬೇಡಿ. ನಿಮ್ಮ ಧ್ವನಿಮುದ್ರಣದಲ್ಲಿ ಎಷ್ಟಿವೆ ಎಂದು ಎಣಿಸಿ. ನನ್ನದರಲ್ಲಿ ಸ್ಪಷ್ಟವಾಗಿ ಸಿಕ್ಕವು ಐದೇ.

ಇದನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ಬರೆದು `.srt` ಎಂಬ ಕೊನೆಯೊಂದಿಗೆ ಉಳಿಸಿದರೆ ಅಡಿಬರಹದ ಕಡತ ಸಿದ್ಧ:

```
14
00:01:52,300 --> 00:01:54,600
ಹುಡುಗ, ಪಿಸುಮಾತಿನಲ್ಲಿ: ಅಪ್ಪಾ

15
00:01:54,700 --> 00:01:57,200
[ಎದುರು ಗೋಡೆಯಿಂದ ಅದೇ ಪಿಸುಮಾತು]

16
00:02:00,000 --> 00:02:05,500
[ಒಂದು ಚಪ್ಪಾಳೆ; ಕ್ಷೀಣಿಸುತ್ತ ಐದು ಮರುದನಿ]
```

ಮೊದಲ ಸಾಲು ಕ್ರಮಸಂಖ್ಯೆ, ಎರಡನೆಯದು ಬರಹ ಮೂಡುವ ಮತ್ತು ಮಾಯವಾಗುವ ಸಮಯ. ಮಿಲಿಸೆಕೆಂಡಿನ ಮುಂಚೆ ಬರುವುದು ಅಲ್ಪವಿರಾಮ, ಚುಕ್ಕೆಯಲ್ಲ. ಅಂಕಿಗಳು ಇಂಗ್ಲಿಷಿನವೇ ಆಗಿರಬೇಕು, ೧೪ ಎಂದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಒಂದು ಬರಹ ಎರಡು ಸಾಲು ಮೀರಬಾರದು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ನಿಂತರೆ ಓದಲು ಆಗುವುದಿಲ್ಲ, ಏಳು ಸೆಕೆಂಡು ದಾಟಿದರೆ ನೋಡುಗ ಅದನ್ನೇ ಮತ್ತೆ ಓದತೊಡಗುತ್ತಾನೆ.

ಉಳಿಸುವಾಗ UTF-8 ಆರಿಸಿಕೊಳ್ಳಿ. ನಮ್ಮ ಕಡೆ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಬೆರಳಚ್ಚು ಮಾಡುವವರಿದ್ದಾರೆ. ಯೂನಿಕೋಡ್ ಅಲ್ಲದ ಆ ಪಠ್ಯವನ್ನು ಹಾಗೆಯೇ ಅಂಟಿಸಿದರೆ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ನನ್ನ ವಿಡಿಯೊದಲ್ಲಿ ದಾರಿ ತೋರಿಸುವವರು ಅಪ್ಪಟ ವಿಜಯಪುರದ ಕನ್ನಡದಲ್ಲಿ ಮಾತನಾಡಿದ್ದರು. ಅವರ ‘ಹೌದ್ರಿ’ಯನ್ನು ನಾನು ‘ಹೌದು’ ಎಂದು ತಿದ್ದಿದ್ದೆ. ಅದು ತಪ್ಪು. ಅಲ್ಪಸ್ವಲ್ಪ ಕೇಳಿಸುವವರು ತುಟಿಯನ್ನೂ ಬರಹವನ್ನೂ ಒಟ್ಟಿಗೆ ನೋಡುತ್ತಾರೆ. ಎರಡೂ ಹೊಂದದಿದ್ದರೆ ಅಡಿಬರಹವೇ ತಪ್ಪಾಗಿದೆ ಎಂದುಕೊಳ್ಳುತ್ತಾರೆ. ಇನ್ನು, ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಅಡಿಬರಹ ಸನ್ನೆ ಭಾಷೆಯ ಅನುವಾದಕರ ಜಾಗವನ್ನು ತುಂಬಲಾರದು.

ಬಿಳಿ ಅಕ್ಷರ, ಬಿಳಿ ಆಕಾಶ

ಬೇಸಿಗೆಯ ಮಧ್ಯಾಹ್ನ ತೆಗೆದ ದೃಶ್ಯದಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗಿತ್ತು, ಅದರ ಮೇಲೆ ಬಿಳಿ ಅಕ್ಷರ. ನನ್ನ ಕಣ್ಣಿಗೇ ಕಾಣಲಿಲ್ಲ ಎಂದ ಮೇಲೆ ದೃಷ್ಟಿ ಮಂದವಾದವರ ಪಾಡೇನು? ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವಿನ ಅನುಪಾತ ಕನಿಷ್ಠ 4.5:1 ಇರಬೇಕೆಂದು ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಅಕ್ಷರಕ್ಕೆ 3:1 ಸಾಕು. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಇದ್ದರೆ 21:1.

ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಹಾಕುವುದು ಎಲ್ಲರೂ ಮಾಡುವ ಉಪಾಯ. ಆ ಕಪ್ಪು ಎಷ್ಟು ಗಾಢ ಎನ್ನುವುದರಲ್ಲಿ ಎಡವುತ್ತಾರೆ. ಶೇ 50ರಷ್ಟು ಕಪ್ಪನ್ನು ಬಿಳಿ ಆಕಾಶದ ಮೇಲಿಟ್ಟರೆ ಉಳಿಯುವುದು ನಡುಬೂದು. ಬಿಳಿ ಅಕ್ಷರಕ್ಕೆ ಸಿಗುವ ಅನುಪಾತ 4:1ರ ಒಳಗೇ. ಅದನ್ನೇ ಶೇ 75 ಮಾಡಿದರೆ 10:1 ದಾಟುತ್ತದೆ. ಹೀಗಾಗಿ ಪರೀಕ್ಷೆಯನ್ನು ಗುಮ್ಮಟದ ಒಳಗಿನ ಕತ್ತಲ ದೃಶ್ಯದಲ್ಲಿ ಮಾಡಿ ಸಮಾಧಾನಪಡಬೇಡಿ. ಅತ್ಯಂತ ಬೆಳಕಿನ ದೃಶ್ಯ ಹುಡುಕಿ, ಸ್ಕ್ರೀನ್‌ಶಾಟ್ ತೆಗೆದು, ಕಾಂಟ್ರಾಸ್ಟ್ ಅಳೆಯುವ ಯಾವುದಾದರೂ ಉಚಿತ ತಂತ್ರಾಂಶದಲ್ಲಿ ಎರಡೂ ಬಣ್ಣಗಳನ್ನು ಕೊಟ್ಟು ನೋಡಿ.

ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಅಳೆದ ಸಾಲಂತರದಲ್ಲಿ ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರಕ್ಕೆ ದಪ್ಪ ಅಂಚು ಕೊಟ್ಟರೆ ಒತ್ತಿನ ಸಣ್ಣ ಸುರುಳಿಗಳು ಮುಚ್ಚಿಹೋಗುತ್ತವೆ. ಅಂಚಿನ ಬದಲು ಪಟ್ಟಿಯೇ ಮೇಲು.

ಯೂಟ್ಯೂಬಿಗಾದರೆ ಅಡಿಬರಹದ ಕಡತವನ್ನು ಬೇರೆಯಾಗಿ ಏರಿಸಬಹುದು. ನೋಡುಗರು ಬೇಕೆಂದಾಗ ತೆರೆದುಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಆ ಸೌಲಭ್ಯವಿಲ್ಲ, ಬರಹವನ್ನು ಚಿತ್ರದೊಳಗೇ ಅಚ್ಚೊತ್ತಬೇಕು. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಮತ್ತು ನೋಟೊ ಸಾನ್ಸ್ ಕನ್ನಡ ಫಾಂಟ್ ಇದ್ದರೆ ಇಷ್ಟು ಸಾಕು:

```
ffmpeg -i gol.mp4 -vf "subtitles=gol.srt:force_style='FontName=Noto Sans Kannada,BorderStyle=3'" -c:a copy gol-cc.mp4
```

ಇಲ್ಲಿ `BorderStyle=3` ಎನ್ನುವುದೇ ಕಪ್ಪು ಪಟ್ಟಿ. ಮೊಬೈಲಿನ ಸಂಪಾದನಾ ಆ್ಯಪ್ ಬಳಸುವವರು ಮೊದಲು ‘ಕ್ಷೀಣ’, ‘ಚಪ್ಪಾಳೆ’ ಎಂದು ಬರೆದು ನೋಡಲಿ. ಒತ್ತು ಕೂಡಿಕೊಳ್ಳದೆ ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಆ ಆ್ಯಪ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದೇ ಅರ್ಥ.

ಮೌನದ ಸಂದುಗಳಲ್ಲಿ ವಿವರಣೆ

ಕಣ್ಣು ಕಾಣದವರಿಗಾಗಿ ದೃಶ್ಯವನ್ನು ಬಾಯಲ್ಲಿ ಹೇಳುವುದು ಧ್ವನಿ ವಿವರಣೆ. ಮುಗಿದ ವಿಡಿಯೊದಲ್ಲಿ ಅದಕ್ಕೆಂದು ಜಾಗ ಬಿಟ್ಟಿರುವುದಿಲ್ಲ, ಮಾತಿನ ನಡುವಿನ ಸಂದುಗಳನ್ನೇ ಹುಡುಕಬೇಕು. ನಾನು ಓದಿ ನೋಡಿದಂತೆ ಅವಸರವಿಲ್ಲದ ಕನ್ನಡ ಸೆಕೆಂಡಿಗೆ ಎರಡು ಪದ. ಆರು ಸೆಕೆಂಡಿನ ಸಂದಿಗೆ ಹನ್ನೆರಡು ಪದ.

ನಾನು ಮೊದಲು ಮಾಡಿದ ಎಡವಟ್ಟು ಹೇಳುತ್ತೇನೆ. 1:52ಕ್ಕೆ ಹುಡುಗ ಪಿಸುಗುಟ್ಟುವಾಗಲೇ ‘ಹುಡುಗ ಪಿಸುಗುಟ್ಟುತ್ತಿದ್ದಾನೆ’ ಎಂದು ಸೇರಿಸಿದ್ದೆ. ಕಾಣದವರಿಗೆ ಆ ವಿಡಿಯೊ ಕೊಡಬಲ್ಲ ಒಂದೇ ರೋಮಾಂಚನ ಆ ಪಿಸುಮಾತು. ಅದನ್ನೇ ನನ್ನ ದನಿ ನುಂಗಿತ್ತು. ಕೇಳಿಸುವುದನ್ನು ಹೇಳಬೇಕಿಲ್ಲ, ಕಾಣುವುದನ್ನಷ್ಟೇ ಹೇಳಬೇಕು, ಅದೂ ಶಬ್ದ ಬರುವ ಮೊದಲೇ. 1:45ರಿಂದ 1:51ರವರೆಗೆ ಬರೀ ಹೆಜ್ಜೆ ಸದ್ದಿತ್ತು. ವಿವರಣೆಯನ್ನು ಅಲ್ಲಿಗೆ ಸರಿಸಿದೆ: ‘ಗುಮ್ಮಟದ ಬುಡದಲ್ಲಿ ಸುತ್ತುವ ಮೊಗಸಾಲೆ. ಹುಡುಗನ ಬಾಯಿ ಗೋಡೆಗೆ. ಎದುರುಗಡೆ, ಬೆರಳಿನಷ್ಟು ಸಣ್ಣಗೆ ಅಪ್ಪ.’ ಅಲ್ಲಿ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಂಕಿ ಹೇಳಲು ಪುರುಸೊತ್ತಿರಲಿಲ್ಲ. ‘ಬೆರಳಿನಷ್ಟು’ ಎಂದಾಗ ದೂರ ತಾನಾಗಿ ತಿಳಿಯಿತು. ನಂತರ ಮೌನ, ಆಮೇಲೆ ಪಿಸುಮಾತು.

‘ಭವ್ಯ’, ‘ಅದ್ಭುತ’ ಇವೆಲ್ಲ ಬೇಡ. ವರ್ತಮಾನಕಾಲದಲ್ಲಿ, ಕಂಡದ್ದಷ್ಟೇ. ಪರದೆಯ ಮೇಲೆ ಹೆಸರು, ಇಸವಿ ಮೂಡಿದ್ದರೆ ಅದನ್ನೂ ಓದಿ ಹೇಳಿ. ವಿವರಣೆಯ ಅಡಿಯಲ್ಲಿ ಹಿನ್ನೆಲೆ ಸಂಗೀತವನ್ನು ಹತ್ತು ಡೆಸಿಬೆಲ್‌ನಷ್ಟು ತಗ್ಗಿಸಿದರೆ ದನಿ ಸ್ಪಷ್ಟವಾಗುತ್ತದೆ. ಸಂದೇ ಇಲ್ಲದ ಕಡೆ ಚಿತ್ರವನ್ನು ನಿಲ್ಲಿಸಿ, ವಿವರಣೆ ಮುಗಿಸಿ, ಮುಂದುವರಿಸುವ ಕ್ರಮವೂ ಇದೆ. ಆಗ ವಿಡಿಯೊ ಉದ್ದವಾಗಿ ಅಡಿಬರಹದ ಸಮಯಗಳೆಲ್ಲ ಮುಂದೆ ಜರುಗುತ್ತವೆ. ಆದ್ದರಿಂದ ಈ ಆವೃತ್ತಿಗೆ ಬೇರೆಯೇ `.srt` ಬೇಕು, ಅದನ್ನು ಬೇರೆ ವಿಡಿಯೊವಾಗಿಯೇ ಇಡುವುದು ಒಳ್ಳೆಯದು.

ಕೊನೆಗೆ ದೃಷ್ಟಿ ಕಳೆದುಕೊಂಡ ನೆರೆಮನೆಯ ನಿವೃತ್ತ ಮೇಷ್ಟ್ರಿಗೆ ಕೇಳಿಸಿದೆ. ಚಿತ್ರ ಚೆನ್ನಾಗಿದೆಯೇ ಎಂದು ಕೇಳಲಿಲ್ಲ, ಏನೇನು ನಡೆಯಿತು ಹೇಳಿ ಎಂದೆ. ಪಿಸುಮಾತಿನವರೆಗೂ ಸರಿಯಾಗಿ ಹೇಳಿ, ‘ಚಪ್ಪಾಳೆ ಹೊಡೆದವರು ಯಾರು? ಹುಡುಗನೋ, ಅಪ್ಪನೋ?’ ಎಂದರು. ಹೊಡೆದವರು ದಾರಿ ತೋರಿಸುವವರು. ಚಿತ್ರದಲ್ಲಿ ನೋಡಿದವರಿಗೆ ಅದು ತಿಳಿದೇ ಇತ್ತು, ಆದ್ದರಿಂದ ನಾನು ಬರೆದಿರಲಿಲ್ಲ. 1:58ರಲ್ಲಿ ಎರಡು ಸೆಕೆಂಡು ಖಾಲಿಯಿತ್ತು: ‘ಮಾರ್ಗದರ್ಶಿ ಕೈ ಎತ್ತುತ್ತಾರೆ.’ ಮೂರು ಪದ, ಜಾಗ ಸಾಕಾಯಿತು.