ಮ್ಯಾಟ್ ಕುಸ್ತಿ: ಹತ್ತರ ಅಂತರ ಎಣಿಸುವುದು ಹೇಗೆ?

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಮಟ್ಟಿ ಕುಸ್ತಿ ನೋಡಿ ಬೆಳೆದವರಿಗೆ ಲೆಕ್ಕ ಸುಲಭ. ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದವನು ಗೆದ್ದ. ಮ್ಯಾಟ್ ಮೇಲೆ ಹಾಗಲ್ಲ. ಯಾರೂ ಚಿತ್ ಆಗದೆಯೂ ಒಂದೇ ನಿಮಿಷದಲ್ಲಿ ಕುಸ್ತಿ ಮುಗಿದುಬಿಡಬಹುದು. ಫ್ರೀಸ್ಟೈಲ್‌ನಲ್ಲಿ ಒಬ್ಬ ಹತ್ತು ಅಂಕದಿಂದ ಮುಂದಾದರೆ ಅಲ್ಲಿಗೇ ಗೆಲುವು. ಇದು ಹೇಗೆ ಆಗುತ್ತದೆ ನೋಡೋಣ.

ಮೊದಲು ಟೇಕ್‌ಡೌನ್. ನಿಂತ ಎದುರಾಳಿಯನ್ನು ಸುಮ್ನೆ ಬೀಳಿಸಿದರೆ ಸಾಲದು, ಹಿಂದೆ ಹೋಗಿ ಹಿಡಿತ ಸಾಧಿಸಬೇಕು. ಅವನ ಎರಡು ಮಂಡಿ, ಒಂದು ಕೈ ನೆಲದಲ್ಲಿವೆಯೇ? ಇಲ್ಲವೇ ಎರಡು ಕೈ, ಒಂದು ಮಂಡಿ? ಹಾಗಿದ್ದರೆ 2 ಅಂಕ.

ನಂತರ ಎದುರಾಳಿಯ ಬೆನ್ನನ್ನು ಮ್ಯಾಟ್ ಕಡೆ ತಿರುಗಿಸುವುದು. ಕೆಳಗಿರುವವನ ಬೆನ್ನು ಮ್ಯಾಟ್ ಕಡೆ 90 ಡಿಗ್ರಿಗಿಂತ ಜಾಸ್ತಿ ವಾಲಿದರೆ 2 ಅಂಕ. ಭುಜ ತಾಗಲೇಬೇಕು ಅಂತಿಲ್ಲ. ಅಂಕದ ರಾಶಿ ಬೀಳುವುದು ಇಲ್ಲೇ. ಎರಡೂ ಕಣಕಾಲನ್ನು ಹೆಣೆದು ಹಿಡಿದು ಉರುಳಿಸುವ ಲೆಗ್ ಲೇಸ್ ಒಮ್ಮೆ ಕೂತಿತೆಂದರೆ ಬಿಡಿಸಿಕೊಳ್ಳುವುದು ಕಷ್ಟ. ಪ್ರತಿ ಉರುಳಿಗೂ 2. ಒಂದು ಟೇಕ್‌ಡೌನ್, ನಾಲ್ಕು ಉರುಳು: 10-0. ಕುಸ್ತಿ ಮುಗಿಯಿತು!

ಕೆಳಗಿದ್ದವನು ತಿರುಗಿ ಮೇಲೆ ಬಂದು ಹಿಡಿತ ಸಾಧಿಸಿದರೆ ಅದು ರಿವರ್ಸಲ್, 1 ಅಂಕ. ಬರೀ ತಪ್ಪಿಸಿಕೊಂಡು ಎದ್ದು ನಿಂತರೆ ಏನೂ ಸಿಗದು. ಒಂದೇ ಅಂಕ ಅಲ್ವಾ ಅನ್ನಬೇಡಿ. ಒಂದು ಲೆಕ್ಕ ಹಾಕೋಣ.

ಕೆಂಪು ಪೈಲ್ವಾನ್ ಒಂದು ಟೇಕ್‌ಡೌನ್, ಎರಡು ಉರುಳಿಗೆ 6-0 ಮುಂದಿದ್ದಾನೆ. ನೀಲಿಯವನು ರಿವರ್ಸಲ್ ಮಾಡಿ, ಅಲ್ಲೇ ಒಮ್ಮೆ ಕೆಂಪಿನವನ ಬೆನ್ನನ್ನು ಮ್ಯಾಟ್ ಕಡೆ ತಿರುಗಿಸಿದ: 6-3. ಎದ್ದು ನಿಂತ ಮೇಲೆ ಕೆಂಪಿನವನದು ಮತ್ತೆ ಟೇಕ್‌ಡೌನ್, 8-3. ಒಂದು ಉರುಳು, 10-3. ಗ್ಯಾಲರಿಯಲ್ಲಿ ಶಿಳ್ಳೆ ಬೀಳುತ್ತದೆ, ಆದರೆ ರೆಫ್ರಿ ನಿಲ್ಲಿಸುವುದಿಲ್ಲ. ಬೇಕಾದ್ದು ಹತ್ತು ಅಂಕ ಅಲ್ಲ, ಹತ್ತರ ಅಂತರ. ಇನ್ನೊಂದು ಉರುಳಿಗೆ 12-3, ಅಂತರ ಒಂಬತ್ತು. ಮತ್ತೊಂದಕ್ಕೆ 14-3. ಈಗ ಮುಗಿಯಿತು. ನೀಲಿಯವನ ಮೂರು ಅಂಕದಿಂದಾಗಿ ಕೆಂಪಿನವನು ಎರಡು ಉರುಳು ಹೆಚ್ಚು ಹಾಕಬೇಕಾಯಿತು. ಗ್ರೀಕೊ-ರೋಮನ್‌ನಲ್ಲಾದರೆ ಎಂಟರ ಅಂತರವೇ ಸಾಕು, ಆದರೆ ಅಲ್ಲಿ ಕಾಲು ಹಿಡಿಯುವಂತಿಲ್ಲ.

ಹತ್ತರ ಅಂತರ ಬಂದ ಕ್ಷಣವೇ ಸೀಟಿ ಊದುವುದಿಲ್ಲ. ನಡೆಯುತ್ತಿರುವ ಪಟ್ಟು ಪೂರ್ತಿಯಾಗಬೇಕು. ಆ ಪಟ್ಟಿನಲ್ಲೇ ಎದುರಾಳಿ ಮರುದಾಳಿ ಮಾಡಿ ಅಂಕ ಗಳಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಅಂತರ ಹತ್ತು ಮುಟ್ಟುವವರೆಗೆ ಸೋಲುತ್ತಿರುವವನಿಗೂ ಚಿತ್ ಮಾಡುವ ದಾರಿ ತೆರೆದೇ ಇರುತ್ತದೆ. ಟೋಕಿಯೋ ಒಲಿಂಪಿಕ್ಸ್‌ನ 57 ಕೆಜಿ ಸೆಮಿಫೈನಲ್‌ನಲ್ಲಿ ರವಿ ದಹಿಯಾ 2-9 ಹಿಂದಿದ್ದರು. ಕಜಕಸ್ತಾನದ ಸನಯೇವ್‌ಗೆ ಬೇಕಿದ್ದದ್ದು ಇನ್ನು ಮೂರೇ ಅಂಕದ ಅಂತರ. ರವಿ ಅದನ್ನು ಕೊಡಲಿಲ್ಲ, ಕೊನೆಯ ನಿಮಿಷದಲ್ಲಿ ಚಿತ್ ಮಾಡಿ ಫೈನಲ್‌ಗೆ ಹೋದರು.