ಮುಟ್ಟಿನ ತಿಂಗಳಿಗೆ ಊಟದ ಲೆಕ್ಕ: ಹಸಿವಿಗೆ ತಕ್ಕಂತೆ ಗುರಿ ಬದಲಿಸಿ, ಕಬ್ಬಿಣವನ್ನು ದಿನವೂ ಒಂದೇ ಸಮ ಇಡಿ

ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ಕೊಡಗಿನ ಮೈದಾನಗಳಲ್ಲಿ ಹಾಕಿ ಅಭ್ಯಾಸಕ್ಕೆ ಇಳಿಯುವ ಹೆಣ್ಣುಮಕ್ಕಳಲ್ಲಿ ಎರಡು ತಪ್ಪುಗಳನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಮುಟ್ಟಿಗೆ ಮುಂಚಿನ ವಾರ ತೂಕದ ಯಂತ್ರದ ಮುಳ್ಳು ಒಂದು ಕಿಲೋ ಮೇಲೇರಿದ್ದನ್ನು ಕಂಡು ರಾತ್ರಿಯ ಊಟ ಬಿಡುವುದು ಮೊದಲನೆಯದು. ರಕ್ತ ಹೋಗುವ ನಾಲ್ಕು ದಿನ ಮಾತ್ರ ಬೀಟ್‌ರೂಟ್, ದಾಳಿಂಬೆ, ಖರ್ಜೂರ ಎಂದು ಓಡಾಡಿ ಉಳಿದ ಇಪ್ಪತ್ತೈದು ದಿನ ಕಬ್ಬಿಣದ ಮಾತನ್ನೇ ಮರೆಯುವುದು ಎರಡನೆಯದು. ಮಾಡಬೇಕಾದದ್ದು ಇದಕ್ಕೆ ತೀರ ವಿರುದ್ಧವಾದದ್ದು: ಊಟದ ಪ್ರಮಾಣ ಋತುಚಕ್ರದ ಜೊತೆ ಸ್ವಲ್ಪ ಏರಿಳಿಯಬೇಕು, ಕಬ್ಬಿಣ ಮಾತ್ರ ತಿಂಗಳುದ್ದಕ್ಕೂ ಒಂದೇ ಸಮನಾಗಿ ಒಳಗೆ ಹೋಗುತ್ತಿರಬೇಕು.

ಒಂದನೆಯ ಹಂತ: ದಿನಗಳನ್ನು ಬರೆದಿಡಿ

ರಕ್ತ ಕಂಡ ಮೊದಲ ದಿನವನ್ನು ಒಂದನೆಯ ದಿನವೆಂದು ಗುರುತಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಚಕ್ರಗಳನ್ನು ಬರೆಯಿರಿ. ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಆದ್ದರಿಂದ ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸದೆ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಮೊಬೈಲಿನ ಆ್ಯಪ್‌ಗಳು ಎಲ್ಲರಿಗೂ 28 ದಿನವೆಂದು ಹಿಡಿದು ದಿನಕ್ಕೊಂದು ಕ್ಯಾಲೊರಿ ಸಂಖ್ಯೆ ತೋರಿಸಿದರೆ ಅದನ್ನು ನಂಬಬೇಡಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಹಾರ್ಮೋನುಗಳ ಈ ಸಹಜ ಏರಿಳಿತ ಇರುವುದಿಲ್ಲವಾದ್ದರಿಂದ ಮುಂದಿನ ಹಂತ ಅವರಿಗೆ ಅನ್ವಯಿಸುವುದಿಲ್ಲ. ಕಬ್ಬಿಣದ ಭಾಗ ಅನ್ವಯಿಸುತ್ತದೆ.

ಎರಡನೆಯ ಹಂತ: ಕೊನೆಯ ಹತ್ತು ದಿನಗಳ ಹಸಿವಿಗೆ ಜಾಗ ಕೊಡಿ

ಅಂಡ ಬಿಡುಗಡೆಯ ಆಸುಪಾಸಿನಲ್ಲಿ ಈಸ್ಟ್ರೋಜನ್ ಹೆಚ್ಚಿರುವುದರಿಂದ ಹಸಿವು ತಿಂಗಳಲ್ಲೇ ಕಡಿಮೆಯಿರುತ್ತದೆ. ಅದರ ನಂತರ ಪ್ರೊಜೆಸ್ಟರಾನ್ ಏರಿದಾಗ ಮೈಬಿಸಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚಾಗುತ್ತದೆ, ದೇಹ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿಯೂ ತುಸು ಏರುತ್ತದೆ, ಹಸಿವೂ ಏರುತ್ತದೆ. ಈ ಏರಿಕೆ ಸರಾಸರಿಯಲ್ಲಿ ದಿನಕ್ಕೆ 100ರಿಂದ 300 ಕ್ಯಾಲೊರಿಯಷ್ಟು. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಅಂಥವರು ಏನನ್ನೂ ಬದಲಿಸಬೇಕಾಗಿಲ್ಲ. ಇದೇ ದಿನಗಳಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ತೂಕ ಏರಿದಂತೆ ಕಾಣುತ್ತದೆ. ಅದು ಕೊಬ್ಬಲ್ಲ, ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಗೋಣಿಕೊಪ್ಪದ ಕಡೆಯ 24 ವರ್ಷದ ಆಟಗಾರ್ತಿಯೊಬ್ಬಳ ಲೆಕ್ಕವನ್ನೇ ನೋಡಿ. ಅವಳ ಚಕ್ರ 30 ದಿನದ್ದು. ಎಂಟನೆಯ ದಿನ 56.2 ಕಿಲೋ ಇದ್ದವಳು 27ನೆಯ ದಿನ 57.4 ತೂಗಿದಳು. ಗಾಬರಿಯಾಗಿ ಮೂರು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದಳು. ನಾಲ್ಕನೆಯ ರಾತ್ರಿ ತಡೆಯಲಾಗದೆ ಬೇಕರಿಯ ತಿಂಡಿಗಳನ್ನು ಒಂದೇ ಸಮನೆ ತಿಂದಳು. ಮುಂದಿನ ಚಕ್ರದ ಎಂಟನೆಯ ದಿನ ಮತ್ತೆ ತೂಗಿದಾಗ ಮುಳ್ಳು ನಿಂತದ್ದು 56.1ರಲ್ಲಿ. ಆದ್ದರಿಂದ ತೂಕವನ್ನು ಹಿಂದಿನ ವಾರದ ಜೊತೆ ಹೋಲಿಸಬಾರದು, ಹಿಂದಿನ ಚಕ್ರದ ಅದೇ ದಿನದ ಜೊತೆ ಹೋಲಿಸಬೇಕು.

ಅವಳಿಗೆ ಸ್ವಲ್ಪ ತೂಕ ಇಳಿಸುವ ಇಚ್ಛೆಯೂ ಇತ್ತು. ದಿನಕ್ಕೆ ಸುಮಾರು 2,200 ಕ್ಯಾಲೊರಿ ಬೇಕಾಗುವ ಅವಳಿಗೆ ಮೊದಲ 20 ದಿನ 1,900, ಕೊನೆಯ 10 ದಿನ ಪೂರ್ತಿ 2,200 ಎಂದು ಗುರಿ ಹಾಕಿದೆವು. ಇಪ್ಪತ್ತು ದಿನ ತಲಾ 300 ಎಂದರೆ ತಿಂಗಳಿಗೆ 6,000 ಕ್ಯಾಲೊರಿ ಕಡಿತ, ಲೆಕ್ಕಕ್ಕೆ ಸುಮಾರು ಮುಕ್ಕಾಲು ಕಿಲೋ. ಪ್ರತಿದಿನ 200 ಕಡಿದರೂ ಸಿಗುವುದು ಅಷ್ಟೇ. ಆದರೆ ಹಸಿವು ಹೆಚ್ಚಿರುವ ದಿನಗಳಲ್ಲಿ ಕಡಿತವಿಲ್ಲದ್ದರಿಂದ ಈ ಗುರಿ ಮುರಿಯಲಿಲ್ಲ. ತೂಕ ಇಳಿಸುವ ಉದ್ದೇಶವೇ ಇಲ್ಲದವರು ಕೊನೆಯ ಹತ್ತು ದಿನ 150ರಿಂದ 200 ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದು ಬೇಯಿಸಿದ ಮೊಟ್ಟೆ ಮತ್ತು ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಗುತ್ತದೆ. ಇದನ್ನು ಸಂಜೆ ಅಭ್ಯಾಸಕ್ಕೆ ಮುಂಚೆಯೇ ತಿನ್ನುವುದು ನನ್ನ ಖಚಿತ ಸಲಹೆ, ರಾತ್ರಿ ಹತ್ತು ಗಂಟೆಯವರೆಗೆ ಹಸಿವನ್ನು ತಡೆದಿಟ್ಟವರು ಆಮೇಲೆ ಅಳತೆ ತಪ್ಪುತ್ತಾರೆ. ಇಂತಿಂಥ ವಾರಕ್ಕೆ ಇಂತಿಂಥ ಬೀಜಗಳು ಎಂದು ಪೊಟ್ಟಣ ಕಟ್ಟಿ ಮಾರುವ ಮಿಶ್ರಣಗಳಿಗೆ ಹಣ ಸುರಿಯಬೇಡಿ, ಅವು ಹಾರ್ಮೋನುಗಳನ್ನು ಸರಿಪಡಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ.

ಮೂರನೆಯ ಹಂತ: ಕಬ್ಬಿಣ, ಮತ್ತು ಕಾಫಿಯ ಗಡಿಯಾರ

ಎಲ್ಲರೂ ಎಡವುವುದು ಇಲ್ಲಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದರಿಂದ 40 ಮಿಲಿಲೀಟರಿಗೆ 20 ಮಿಲಿಗ್ರಾಂ ಹೋದಂತಾಯಿತು. ಇದನ್ನು ನಾಲ್ಕು ದಿನಗಳಲ್ಲಿ ತಿಂದು ತುಂಬಿಸಲು ಆಗುವುದಿಲ್ಲ, ಏಕೆಂದರೆ ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣದ ಬಹುಪಾಲು ಹೀರಿಕೆಯಾಗದೆ ಹೊರಹೋಗುತ್ತದೆ. ನಮ್ಮ ಊಟದಲ್ಲಿ ನೂರರಲ್ಲಿ ಎಂಟು ಪಾಲಿನಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ ಎಂಬ ಅಂದಾಜಿನ ಮೇಲೆಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣವನ್ನು ನಿಗದಿಪಡಿಸಿತು. ಗಂಡಸಿಗೆ ಅದು 19. ಮುಟ್ಟಿನಲ್ಲಿ ಹೋದದ್ದನ್ನು ತಿಂಗಳ ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತುಂಬುವ ಲೆಕ್ಕವೂ ಇದರೊಳಗೇ ಇದೆ.

ಬೆಲ್ಲದಲ್ಲಿ ಕಬ್ಬಿಣವಿದೆ ಎಂಬ ನಂಬಿಕೆಯಿಂದ ಬೆಲ್ಲದ ಕಾಫಿಯನ್ನೇ ಔಷಧಿಯಂತೆ ಕುಡಿಯುವವರಿದ್ದಾರೆ. ಎರಡು ಚಮಚ ಬೆಲ್ಲದಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ಬೀಟ್‌ರೂಟ್, ದಾಳಿಂಬೆಗಳ ಬಣ್ಣ ಕೆಂಪೇ ಹೊರತು ಅವುಗಳಲ್ಲಿ ಕಬ್ಬಿಣ ಬಹಳ ಕಡಿಮೆ. ಅದರ ಬದಲು ಸುಮಾರು 40 ಗ್ರಾಂ ಹುರುಳಿಯಲ್ಲಿ 3 ಮಿಲಿಗ್ರಾಂನಷ್ಟು ಇದೆ. ರಾತ್ರಿ ನೆನೆಸಿ ಒಂದು ದಿನ ಮೊಳಕೆ ಬರಿಸಿದರೆ ಹೀರಿಕೆಗೆ ಅಡ್ಡಬರುವ ಫೈಟೇಟ್ ಕಡಿಮೆಯಾಗುತ್ತದೆ. ಮಾಂಸ ತಿನ್ನುವವರು ಒಂದು ವಿಷಯ ತಿಳಿದಿರಬೇಕು: ಹಂದಿಮಾಂಸದಲ್ಲಿ ಕುರಿಮಾಂಸಕ್ಕಿಂತ ಕಬ್ಬಿಣ ಕಡಿಮೆ. ಆದರೂ ಯಾವ ಮಾಂಸವಾದರೂ ಜೊತೆಯಲ್ಲಿ ತಿಂದ ಕಾಳುಸೊಪ್ಪಿನ ಕಬ್ಬಿಣ ಹೆಚ್ಚು ಹೀರಿಕೆಯಾಗಲು ನೆರವಾಗುತ್ತದೆ. ಆದ್ದರಿಂದ ಪಂದಿಕರಿ ಮತ್ತು ಕಡಂಬುಟ್ಟಿನ ಪಕ್ಕದಲ್ಲಿ ಒಂದು ಸೊಪ್ಪಿನ ಪಲ್ಯ ಇರಲೇಬೇಕು. ಊಟದ ಜೊತೆ ಅರ್ಧ ಸೀಬೆಹಣ್ಣನ್ನೋ, ಚಳಿಗಾಲದಲ್ಲಿ ಒಂದು ಕಿತ್ತಳೆಯನ್ನೋ ತಿಂದರೆ ಅದರ ಸಿ ಜೀವಸತ್ವವೂ ಹೀರಿಕೆ ಹೆಚ್ಚಿಸುತ್ತದೆ. ನಿಂಬೆರಸ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಈ ಕೆಲಸಕ್ಕೆ ಕಾಚಂಪುಳಿಯನ್ನು ನೆಚ್ಚಿಕೊಳ್ಳಬೇಡಿ. ಅದು ಹುಳಿಯೇನೋ ಹೌದು, ಆದರೆ ಬಹಳ ಹೊತ್ತು ಕುದಿಸಿ ಕಪ್ಪಾಗಿಸಿದ ರಸದಲ್ಲಿ ಸಿ ಜೀವಸತ್ವ ಉಳಿದಿರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ತಿಂಡಿಯ ಹಿಂದೆಯೇ ಒಂದು ಲೋಟ ಕಾಫಿ ಕುಡಿದರೆ ಶ್ರಮದ ದೊಡ್ಡ ಪಾಲು ಹಾಳಾಗುತ್ತದೆ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆಗಿನ ಒಂದು ಕಪ್ ಕಾಫಿ ಹೀರಿಕೆಯನ್ನು ಶೇ 39ರಷ್ಟು ತಗ್ಗಿಸಿತ್ತು, ಚಹಾ ಶೇ 64ರಷ್ಟು. ಅದೇ ಅಧ್ಯಯನದಲ್ಲಿ ನಮಗೆ ಬೇಕಾದ ಇನ್ನೊಂದು ಸಂಗತಿಯಿದೆ: ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ, ಊಟವಾದ ಒಂದು ಗಂಟೆಯ ನಂತರ ಕುಡಿದ ಕಾಫಿ ಮಾತ್ರ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು. ಊಟ ಆ ಹೊತ್ತಿಗೆ ಇನ್ನೂ ಹೊಟ್ಟೆಯಲ್ಲಿರುವುದೇ ಇದಕ್ಕೆ ಕಾರಣ. ಹಾಲು ಹಾಕಿದರೆ ದೋಷ ಕಳೆಯುತ್ತದೆ ಎಂದು ಕೇಳಿದ್ದೇನೆ, ಅದು ನಿಜವಲ್ಲ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡವೇ.

ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೊತ್ತನ್ನು ಬದಲಿಸಿ ಎನ್ನುತ್ತೇನೆ. ಆ ಆಟಗಾರ್ತಿ ಮೊದಲು ಅಭ್ಯಾಸ ಮುಗಿಸಿ ಎಂಟೂಕಾಲಿಗೆ ಅಕ್ಕಿ ರೊಟ್ಟಿ ತಿಂದು ಎಂಟೂವರೆಗೆ ಕಾಫಿ ಕುಡಿಯುತ್ತಿದ್ದಳು. ಈಗ ಮೊದಲ ಕಾಫಿ ಬೆಳಿಗ್ಗೆ ಆರಕ್ಕೆ, ಮೈದಾನಕ್ಕೆ ಹೊರಡುವ ಮುಂಚೆ. ಎಂಟೂಕಾಲಿಗೆ ರೊಟ್ಟಿ, ಮೊಳಕೆ ಹುರುಳಿಯ ಪಲ್ಯ, ಅರ್ಧ ಸೀಬೆ. ಎರಡನೆಯ ಕಾಫಿ ಹನ್ನೊಂದಕ್ಕೆ, ಮೂರನೆಯದು ಸಂಜೆ ನಾಲ್ಕೂವರೆಗೆ. ಮೂರು ಲೋಟವೂ ಉಳಿಯಿತು, ಒಂದೂ ಊಟದ ಬೆನ್ನಿಗೆ ಬೀಳಲಿಲ್ಲ. ಕಾಫಿ ಕೊಯ್ಲಿನ ಕೆಲಸಕ್ಕೆ ಹೋಗುವವರೂ ಇದೇ ರೀತಿ ಬುತ್ತಿಯ ಜೊತೆ ಫ್ಲಾಸ್ಕ್ ತೆರೆಯದೆ, ಮಧ್ಯಾಹ್ನದ ಬಿಡುವಿಗೆ ಒಂದು ಗಂಟೆ ಮುಂಚೆಯೇ ಕುಡಿದುಬಿಡಬಹುದು.

ಅಭ್ಯಾಸ ಮುಗಿದ ಕೂಡಲೇ ತಿಂಡಿ ತಿನ್ನಬೇಕೆನ್ನುವುದಕ್ಕೂ ಕಾರಣವಿದೆ. ಕಠಿಣ ವ್ಯಾಯಾಮವಾದ ಮೂರರಿಂದ ಆರು ಗಂಟೆಗಳಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ, ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಆ ಬಾಗಿಲು ಮುಚ್ಚುವ ಮುಂಚಿನ ಮೊದಲ ಅರ್ಧ ಗಂಟೆ ದಿನದ ಒಳ್ಳೆಯ ಹೊತ್ತು.

ನಾಲ್ಕನೆಯ ಹಂತ: ಪರೀಕ್ಷೆ ಮತ್ತು ಮಾತ್ರೆ

ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಫೆರಿಟಿನ್ ತೋರಿಸುವುದು ದೇಹದ ಕಬ್ಬಿಣದ ದಾಸ್ತಾನನ್ನು. ಆ ದಾಸ್ತಾನು ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಬೀಳುವುದು ಅದಾದ ಮೇಲೆ. ನಮ್ಮ ಆಟಗಾರ್ತಿಯ ಹಿಮೋಗ್ಲೋಬಿನ್ 12.1 ಇದ್ದುದರಿಂದ ರಕ್ತಹೀನತೆಯ ಗೆರೆಯಾದ 12ಕ್ಕಿಂತ ಮೇಲೆಯೇ ಇದ್ದಳು. ಫೆರಿಟಿನ್ ಮಾತ್ರ 11 ಇತ್ತು, ಅಂದರೆ ಕೊರತೆಯ ಗೆರೆಯಾದ 15ಕ್ಕಿಂತಲೂ ಕೆಳಗೆ. ಜ್ವರವಿದ್ದಾಗ ಅಥವಾ ಪಂದ್ಯ ಆಡಿದ ಮರುದಿನ ಈ ಪರೀಕ್ಷೆ ಬೇಡ, ಉರಿಯೂತವಿದ್ದರೆ ಫೆರಿಟಿನ್ ಸುಳ್ಳಾಗಿ ಹೆಚ್ಚು ತೋರುತ್ತದೆ.

ಫೆರಿಟಿನ್ ಇಷ್ಟು ಇಳಿದ ಮೇಲೆ ಊಟ ಮಾತ್ರ ಸಾಲದು, ವೈದ್ಯರು ಬರೆದುಕೊಡುವ ಮಾತ್ರೆ ಬೇಕು. ಪರೀಕ್ಷೆಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು. ಕುಡಗೋಲು ಕಣ ರೋಗ ಅಥವಾ ಥಲಸ್ಸೀಮಿಯಾದ ಗುಣ ಇರುವವರಲ್ಲಿ ಕಬ್ಬಿಣದ ಕೊರತೆ ಇಲ್ಲದೆಯೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು. ದಿನವೂ ಎರಡು ಹೊತ್ತು ನುಂಗಿದರೆ ಬೇಗ ತುಂಬುತ್ತದೆ ಎಂಬುದೂ ತಪ್ಪು, ಏಕೆಂದರೆ ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಏರಿ ಮುಂದಿನ 24 ಗಂಟೆ ಹೀರಿಕೆ ಇಳಿಯುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನಮ್ಮವಳಿಗೆ ವೈದ್ಯರು ಹಾಗೆಯೇ ಬರೆದರು: ಅಭ್ಯಾಸ ಮುಗಿದ ಕೂಡಲೇ ನೀರಿನ ಜೊತೆ ಒಂದು, ಹಾಲಾಗಲೀ ಕ್ಯಾಲ್ಸಿಯಂ ಮಾತ್ರೆಯಾಗಲೀ ಜೊತೆಗಿಲ್ಲ. ಮಲ ಕಪ್ಪಾಗುವುದು ಸಹಜ. ಮೂರು ತಿಂಗಳ ನಂತರ ಅವಳ ಫೆರಿಟಿನ್ 34ಕ್ಕೆ ಬಂದಿತ್ತು.

ಎರಡು ಸಂದರ್ಭಗಳಲ್ಲಿ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ರಾತ್ರಿ ಅದಕ್ಕೆಂದೇ ಏಳಬೇಕಾದರೆ ಅಥವಾ ಏಳು ದಿನ ಮೀರಿದರೆ ರಕ್ತಸ್ರಾವವೇ ಹೆಚ್ಚಿದೆ, ಅದನ್ನು ನಿಲ್ಲಿಸದೆ ಕಬ್ಬಿಣ ತುಂಬುವುದಿಲ್ಲ. ಅಭ್ಯಾಸ ಹೆಚ್ಚಿಸಿದ ಮೇಲೆ ಮೂರು ತಿಂಗಳು ಮುಟ್ಟೇ ಬಾರದಿದ್ದರೆ, ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಊಟ ಆಟಕ್ಕೆ ಸಾಲುತ್ತಿಲ್ಲವೆಂದು ಅನುಮಾನಿಸಬೇಕು. ಅಂಥವರು ತಜ್ಞರನ್ನು ಕಾಣುವವರೆಗೆ ಕ್ಯಾಲೊರಿ ಕಡಿತವನ್ನು ಅಂದೇ ನಿಲ್ಲಿಸಬೇಕು.